ಅಕ್ಕನಿಗೆ, ನನ್ನ ರಿಪೋರ್ಟ್ ಬಗ್ಗೆ

ಅಕ್ಕಾ,

ಫೋನಿನಲ್ಲೇ ಹೇಳೋಣ ಅಂದರೆ ನಿನ್ನ ಪಕ್ಕದಲ್ಲಿ ಅತ್ತಿ ಕೂತಿರುತ್ತಾರೆ, ಇಲ್ಲಿ ನನ್ನ ರೂಮಿನಲ್ಲೂ ಯಾರಾದರೂ ಇದ್ದೇ ಇರುತ್ತಾರೆ. ಅದಕ್ಕೆ ಎಲ್ಲಾ ಬರೆದು ಕಳಿಸುತ್ತಿದ್ದೇನೆ. ಪುಟ್ಟಿ ಮಲಗಿದ ಮೇಲೆ ನಿಧಾನವಾಗಿ ಓದು.

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗುವಂಥದ್ದು ಏನೂ ಇಲ್ಲ. ನನಗೆ ಪಿಸಿಒಎಸ್ ಇದೆ. ಎಲ್ಲರೂ ಪಿಸಿಒಡಿ ಅಂತಾರಲ್ಲ, ಅದೇ, ಹಾರ್ಮೋನ್ ಏರುಪೇರಾಗಿ ಅಂಡಾಶಯ ಸರಿಯಾಗಿ ಕೆಲಸ ಮಾಡದ ತೊಂದರೆ. ಕ್ಯಾನ್ಸರ್ ಅಲ್ಲ, ಆಪರೇಷನ್ ಬೇಕಿಲ್ಲ. ಆದರೆ ಸುಮ್ನೆ ಬಿಟ್ಟುಬಿಡುವ ವಿಷಯವೂ ಅಲ್ಲ.

ನನ್ನ ಮುಟ್ಟು ಕಾಲೇಜಿನಿಂದಲೂ ಹಿಂದೆ ಮುಂದೆ ಆಗುತ್ತಿತ್ತು, ನಿನಗೆ ಗೊತ್ತು. ಈಗ ಎರಡು ತಿಂಗಳು, ಮೂರು ತಿಂಗಳು ಬರುವುದೇ ಇಲ್ಲ, ಬಂದರೆ ನಿಲ್ಲುವುದಿಲ್ಲ. ಗದ್ದದ ಕೆಳಗೆ ದಪ್ಪ ಕೂದಲು, ದವಡೆ ಹತ್ತಿರ ಮೊಡವೆ, ಕುತ್ತಿಗೆ ಹಿಂದೆ ಕಪ್ಪು. ಆ ಕಪ್ಪನ್ನು ಅವ್ವ ಹೋದ ಸಲ ಕಡಲೆಹಿಟ್ಟು ಹಾಕಿ ತಿಕ್ಕಿ ತಿಕ್ಕಿ ತೊಳೆದಳಲ್ಲ, ಅದು ಕೊಳೆ ಅಲ್ಲವಂತೆ ಅಕ್ಕಾ. ಮೈಯಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಚರ್ಮ ಹಾಗೆ ದಪ್ಪಗಾಗಿ ಕಪ್ಪಾಗುತ್ತದಂತೆ. ತಿಕ್ಕಿದರೆ ಹೋಗುವುದಿಲ್ಲ.

ಡಾಕ್ಟರ್ ಮೇಡಂ ಒಳ್ಳೆಯವರು, ಅವಸರ ಮಾಡಲಿಲ್ಲ. ಮುಟ್ಟಿನ ತಾರೀಖು ಕೇಳಿದರು, ಬಿಪಿ, ತೂಕ ನೋಡಿದರು. ಯೂರಿನ್‌ನಲ್ಲಿ ಪ್ರೆಗ್ನೆನ್ಸಿ ಟೆಸ್ಟ್ ಕೂಡ ಮಾಡಿಸಿದರು. ನನಗೆ ಮುಜುಗರ ಆಯಿತು, ಆದರೆ ಮುಟ್ಟು ನಿಂತಿದೆ ಅಂತ ಯಾರು ಬಂದರೂ ಮೊದಲು ಅದನ್ನೇ ನೋಡುತ್ತಾರಂತೆ. ನಾಳೆ ಅವ್ವನ ಕಣ್ಣಿಗೆ ಆ ಚೀಟಿ ಬಿದ್ದರೆ ನೀನೇ ಹೇಳಬೇಕು. ಆಮೇಲೆ ರಕ್ತ ತೆಗೆದು ಥೈರಾಯ್ಡ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟಿರಾನ್ ಅನ್ನುವ ಹಾರ್ಮೋನ್‌ಗಳನ್ನು ನೋಡಿದರು. ಥೈರಾಯ್ಡ್ ಕೆಟ್ಟರೂ ಪ್ರೊಲ್ಯಾಕ್ಟಿನ್ ಏರಿದರೂ ಮುಟ್ಟು ತಪ್ಪುತ್ತದೆ, ಹಾಗಾಗಿ ಅವೆರಡೂ ಸರಿ ಇವೆ ಅಂತ ಗೊತ್ತಾದ ಮೇಲೇ ಇದನ್ನು ಪಿಸಿಒಎಸ್ ಅನ್ನುವುದು. ನೋಡುವುದು ಮೂರು ವಿಷಯ. ಮುಟ್ಟು ಸರಿಯಾಗಿ ಬರದಿರುವುದು ಒಂದು. ಟೆಸ್ಟೋಸ್ಟಿರಾನ್‌ಗೆ ಗಂಡಸರ ಹಾರ್ಮೋನ್ ಅಂತಾರಲ್ಲ, ಅದು ಹೆಂಗಸರಲ್ಲೂ ಸ್ವಲ್ಪ ಇರುತ್ತದೆ, ಅದು ಹೆಚ್ಚಾಗಿರುವುದು ಇನ್ನೊಂದು. ಮತ್ತೆ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯ ಹೇಗೆ ಕಾಣುತ್ತದೆ ಅನ್ನುವುದು. ಮೂರರಲ್ಲಿ ಎರಡು ಇದ್ದರೂ ಸಾಕು. ನನಗೆ ಮೂರೂ ಇವೆ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಸಿಸ್ಟ್ ಅಂತ ಓದಿ ಗಡ್ಡೆಗಳು ಅಂದುಕೊಂಡು ನಾನು ರಾತ್ರಿಯೆಲ್ಲ ಅತ್ತಿದ್ದೇನೆ. ಅವು ಗಡ್ಡೆಗಳೇ ಅಲ್ಲ. ಪ್ರತಿ ತಿಂಗಳು ಒಂದು ಅಂಡ ಬೆಳೆದು ಹೊರಗೆ ಬರಬೇಕಲ್ಲ, ಅದಕ್ಕೆ ಸಣ್ಣ ಸಣ್ಣ ಚೀಲಗಳು ಇರುತ್ತವೆ. ನನ್ನಲ್ಲಿ ಅವು ಪೂರ್ತಿ ಬೆಳೆಯದೆ ಅರ್ಧಕ್ಕೇ ನಿಂತಿವೆ, ತೆನೆಯಲ್ಲಿ ಕಾಳು ಬಲಿಯದೆ ಉಳಿದ ಹಾಗೆ. ಅವನ್ನು ತೆಗೆಯುವುದೂ ಬೇಡ, ಕರಗಿಸುವುದೂ ಬೇಡ. ಅದಕ್ಕೆ ಒಂದು ಮಾತು, ದೊಡ್ಡವ್ವ ಗಡ್ಡೆ ಕರಗಿಸುವ ಕಷಾಯ ಅಂತ ಏನಾದರೂ ತಂದರೆ ದಯವಿಟ್ಟು ನೀನೇ ತಡೆ.

ನನಗೆ ಹೊಸದಾಗಿ ತಿಳಿದದ್ದು ಏನೆಂದರೆ, ಇದು ಬರೀ ಹೊಟ್ಟೆಯ ಕೆಳಗಿನ ತೊಂದರೆಯಲ್ಲ, ಸಕ್ಕರೆಗೂ ಇದಕ್ಕೂ ನಂಟು ಇದೆ. ನಮ್ಮಂಥವರ ಮೈ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ, ಅದಕ್ಕೆ ಮೈ ಇನ್ನೂ ಜಾಸ್ತಿ ಇನ್ಸುಲಿನ್ ಮಾಡುತ್ತದೆ, ಆ ಜಾಸ್ತಿ ಇನ್ಸುಲಿನ್ ಹೋಗಿ ಅಂಡಾಶಯಕ್ಕೆ ಗಂಡು ಹಾರ್ಮೋನ್ ಹೆಚ್ಚು ಮಾಡಿಸುತ್ತದೆ, ಅದರಿಂದ ಅಂಡ ಬಲಿಯುವುದಿಲ್ಲ, ಮುಟ್ಟು ಬರುವುದಿಲ್ಲ, ಕೂದಲು, ಮೊಡವೆ ಎಲ್ಲ ಅದರಿಂದಲೇ. ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ತಾಸಿನ ಮೇಲೆ ರಕ್ತ ತೆಗೆದರು. 140ರ ಒಳಗಿರಬೇಕು, ನನ್ನದು 156. 200 ಮುಟ್ಟಿದರೆ ಡಯಾಬಿಟಿಸ್. ಅಂದರೆ ನಾನು ಇನ್ನೂ ನಡುವೆ ಇದ್ದೇನೆ. ಅಪ್ಪನಿಗೆ ಶುಗರ್ ಇದೆ ಅಂದ ಕೂಡಲೇ ಮೇಡಂ ಪೆನ್ ತೆಗೆದು ಬರೆದುಕೊಂಡರು.

ಮುಟ್ಟು ಬರದಿದ್ದರೆ ಆರಾಮ ಅಲ್ವಾ ಅಂತ ಹಾಸ್ಟೆಲ್ಲಿನಲ್ಲಿ ಹುಡುಗಿಯರು ಅಂತಾರೆ. ಹಾಗಲ್ಲ. ಗರ್ಭಕೋಶದ ಒಳಪದರ ಕಳಚಿ ಬೀಳದೆ ತಿಂಗಳುಗಟ್ಟಲೆ ದಪ್ಪವಾಗುತ್ತಾ ಹೋದರೆ ವರ್ಷಗಳ ಮೇಲೆ ಅದೇ ದೊಡ್ಡ ಕಾಯಿಲೆಗೆ ದಾರಿ ಆಗಬಹುದು. ಮೂರು ತಿಂಗಳಿಗಿಂತ ಜಾಸ್ತಿ ಖಾಲಿ ಹೋಗಲು ಬಿಡಬೇಡ, ಬರದಿದ್ದರೆ ಬಾ ಅಂದಿದ್ದಾರೆ.

ಈಗ ಮಾತ್ರೆ ವಿಷಯ. ಮೊದಲು ಮುಟ್ಟು ಬರಿಸಲು ಕೆಲವು ದಿನದ ಮಾತ್ರೆ ಕೊಟ್ಟರು, ಅದು ಮುಗಿದು ಮುಟ್ಟು ಬಂತು. ಈಗ ಇಪ್ಪತ್ತೊಂದು ದಿನದ ಶೀಟ್ ನಡೆದಿದೆ. ಅದು ಗರ್ಭ ನಿಲ್ಲದಂತೆ ತೆಗೆದುಕೊಳ್ಳುವ ಮಾತ್ರೆಯೇ ಅಕ್ಕಾ, ಮುಚ್ಚಿಡುವುದಿಲ್ಲ. ಆದರೆ ನನಗೆ ಕೊಟ್ಟಿರುವುದು ಮುಟ್ಟು ಹದಕ್ಕೆ ಬರಲಿ, ಒಳಪದರ ದಪ್ಪಗಾಗದಿರಲಿ, ಕೂದಲು ಕಡಿಮೆಯಾಗಲಿ ಅಂತ. ಅವ್ವ ನನ್ನ ಬ್ಯಾಗಿನಲ್ಲಿ ಆ ಶೀಟ್ ನೋಡಿ ಮೆಡಿಕಲ್ ಅಂಗಡಿಯವನನ್ನು ಕೇಳಿದರೆ ಮನೆಯಲ್ಲಿ ಏನಾಗುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಕಣ್ಣ ಮುಂದೆ ಮಿಂಚು ಬಂದು ತಲೆ ಸಿಡಿಯುತ್ತದಾ ಅಂತೆಲ್ಲ ಕೇಳಿ, ಬಿಪಿ ನೋಡಿಯೇ ಅದನ್ನು ಬರೆದದ್ದು. ಎಲ್ಲರಿಗೂ ಆಗುವ ಮಾತ್ರೆ ಅಲ್ಲ, ಅದಕ್ಕೆ ನಿನ್ನ ನಾದಿನಿಗೆ ಇದೇ ಹೆಸರು ಹೇಳಿ ತರಿಸಬೇಡ. ಗದ್ದದ ಕೂದಲಿಗೆ ಆರು ತಿಂಗಳಾದರೂ ಕಾಯಬೇಕು ಅಂದರು.

ಇನ್ನೊಂದು ಮೆಟ್‌ಫಾರ್ಮಿನ್, ಶುಗರಿಗೆ ಅಪ್ಪ ತೆಗೆದುಕೊಳ್ಳುವುದೇ. ರಾತ್ರಿ ಊಟ ಆದ ಮೇಲೆ 500. ಮೊದಲ ವಾರ ಹೊಟ್ಟೆ ಬಹಳ ಕೆಟ್ಟಿತು, ಈಗ ಒಗ್ಗಿದೆ. ನಿಧಾನಕ್ಕೆ ಜಾಸ್ತಿ ಮಾಡುತ್ತಾರಂತೆ.

ಊಟದ ಬಗ್ಗೆ ನಾನು ಹೆದರಿದ್ದೆ, ಓಟ್ಸ್ ತಿನ್ನು, ಅದು ಬಿಡು ಇದು ಬಿಡು ಅಂತ ಉದ್ದ ಪಟ್ಟಿ ಕೊಡುತ್ತಾರೆ ಅಂತ. ಏನು ತಿನ್ನುತ್ತೀ ಅಂತ ಕೇಳಿದರು. ಜೋಳದ ರೊಟ್ಟಿ ಅಂದೆ. ಅದನ್ನು ಯಾಕೆ ಬಿಡುತ್ತೀಯಾ, ಅದನ್ನೇ ತಿನ್ನು ಅಂದರು! ಕೆಟ್ಟದ್ದು ಯಾವುದು ಅಂದರೆ ನಾನು ಇಲ್ಲಿಗೆ ಬಂದ ಮೇಲೆ ಕಲಿತದ್ದು: ಬೆಳಿಗ್ಗೆ ಏನೂ ತಿನ್ನದೆ ಎರಡು ಕಪ್ ಸಕ್ಕರೆ ಚಹಾ ಬಿಸ್ಕೆಟ್, ಮಧ್ಯಾಹ್ನ ಮೆಸ್ಸಿನಲ್ಲಿ ತಟ್ಟೆ ತುಂಬ ಅನ್ನ, ಸಂಜೆ ಸೂಪರ್ ಮಾರ್ಕೆಟ್ ಕಡೆ ಮಿರ್ಚಿ ಭಜಿ, ತಂಪು ಬಾಟಲಿ. ಈಗ ರೊಟ್ಟಿ ಎರಡು, ಅದರ ಜೊತೆ ಪಲ್ಯ ರೊಟ್ಟಿಗಿಂತ ಜಾಸ್ತಿ. ಪುಂಡಿಪಲ್ಯ, ಮೆಂತ್ಯ, ಮಡಕಿಕಾಳು, ಹೆಸರುಕಾಳು, ದಪ್ಪ ತೊಗರಿ ಬೇಳೆ, ಸೌತೆಕಾಯಿ, ಒಂದು ಬಟ್ಟಲು ಮೊಸರು. ಕಾಳು ಬೇಳೆ ಮೊಟ್ಟೆ ಇದ್ದರೆ ಹೊಟ್ಟೆ ತುಂಬಿರುತ್ತದೆ, ಸಕ್ಕರೆ ಒಮ್ಮೆಲೆ ಏರುವುದಿಲ್ಲ. ಶೇಂಗಾ ಹಿಂಡಿ ತಿನ್ನಬಹುದು, ಆದರೆ ಚಮಚದ ಲೆಕ್ಕದಲ್ಲಿ, ಅದರ ಮೇಲೆ ಎಣ್ಣೆ ಸುರಿದುಕೊಂಡು ಅಲ್ಲ. ಅನ್ನ ಒಂದು ಸಣ್ಣ ಬಟ್ಟಲು. ಚಹಾಕ್ಕೆ ಸಕ್ಕರೆ ಬಿಟ್ಟೆ, ಬೆಲ್ಲ ಹಾಕಿದರೂ ಅದೇ ಲೆಕ್ಕ ಅಂದರು. ಹಬ್ಬಕ್ಕೆ ಒಂದು ಹೋಳಿಗೆ ತಿಂದರೆ ಏನೂ ಆಗುವುದಿಲ್ಲ. ಉಪವಾಸ ಕೂತು ತೂಕ ಇಳಿಸಲು ಹೋಗಬೇಡ, ಅದು ಮತ್ತೆ ಏರುತ್ತದೆ ಅಂತ ಒತ್ತಿ ಹೇಳಿದರು.

ನನ್ನ ತೂಕ ಈಗ 70. ಮೂರೂವರೆ ಕೆಜಿ ಇಳಿದರೂ ಮುಟ್ಟಿನಲ್ಲಿ ವ್ಯತ್ಯಾಸ ಕಾಣಬಹುದಂತೆ. ತೆಳ್ಳಗಿರುವವರಿಗೂ ಇದು ಬರುತ್ತದೆ, ಹಾಗಾಗಿ ದಪ್ಪ ಇದ್ದೀ ಅದಕ್ಕೇ ಬಂತು ಅಂತ ಯಾರಾದರೂ ಅಂದರೆ ನಾನು ಇನ್ನು ತಲೆ ತಗ್ಗಿಸುವುದಿಲ್ಲ.

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. ನಮ್ಮ ಕಲಬುರಗಿ ಬಿಸಿಲು ಗೊತ್ತಲ್ಲ, ಏಳೂವರೆ ಆದರೆ ನೆತ್ತಿ ಸುಡುತ್ತದೆ. ಅದಕ್ಕೆ ನಸುಕಿನಲ್ಲೇ ಅಪ್ಪನ ಕೆರೆ ಕಡೆ ಹೋಗುತ್ತೇನೆ, ಜೊತೆಗೆ ಆಫೀಸಿನ ಒಬ್ಬ ಅಕ್ಕ ಇರುತ್ತಾರೆ. ವಾರಕ್ಕೆ ಎರಡು ದಿನ ಬಸ್ಕಿ, ನೀರು ತುಂಬಿದ ಬಾಟಲಿ ಎತ್ತುವುದು. ಮಾಂಸಖಂಡ ಗಟ್ಟಿಯಾದರೆ ಸಕ್ಕರೆಯನ್ನು ಅದೇ ಎಳೆದುಕೊಳ್ಳುತ್ತದೆ. ಮತ್ತೆ ರಾತ್ರಿ ಮೊಬೈಲ್ ಬಿಟ್ಟು ಬೇಗ ಮಲಗುವುದು. ಮನಸ್ಸು ಕುಗ್ಗುತ್ತದಾ, ಸುಮ್ನೆ ಅಳು ಬರುತ್ತದಾ ಅಂತಲೂ ಕೇಳಿದರು. ಬರುತ್ತದೆ ಅಂದೆ. ಇದು ಇರುವವರಲ್ಲಿ ಅದೂ ಜಾಸ್ತಿ ಕಾಣುತ್ತದೆ, ಕಡಿಮೆಯಾಗದಿದ್ದರೆ ಹೇಳು, ಅದಕ್ಕೂ ದಾರಿ ಇದೆ ಅಂದರು. ಅಷ್ಟು ಕೇಳಿದ್ದಕ್ಕೇ ನನಗೆ ಎಷ್ಟೋ ಹಗುರಾಯಿತು.

ಈಗ ಅವ್ವನ ಮಾತು. ಮದುವೆ ಆದರೆ ಎಲ್ಲ ಸರಿ ಹೋಗುತ್ತದೆ ಅಂತ ಅವಳು, ಅದಕ್ಕೇ ಹುಮನಾಬಾದಿನ ಸಂಬಂಧಕ್ಕೆ ಅವಸರ ಮಾಡುತ್ತಿದ್ದಾಳೆ. ಮದುವೆಯಿಂದ ಇದು ಹೋಗುವುದಿಲ್ಲ ಅಕ್ಕಾ. ಮಕ್ಕಳಾಗುವುದಿಲ್ಲ ಅನ್ನುವುದೂ ಸುಳ್ಳು. ಅಂಡ ಪ್ರತಿ ತಿಂಗಳು ಬಿಡುಗಡೆ ಆಗದ ಕಾರಣ ಸ್ವಲ್ಪ ತಡ ಆಗಬಹುದು, ಅದಕ್ಕೆ ಲೆಟ್ರೋಜೋಲ್ ಅಂತ ಮಾತ್ರೆ ಇದೆ, ಬಹಳ ಮಂದಿಗೆ ಮಕ್ಕಳಾಗಿವೆ. ಜಗತ್ತಿನಲ್ಲಿ ಹತ್ತು ಹೆಂಗಸರಲ್ಲಿ ಹೆಚ್ಚು ಕಡಿಮೆ ಒಬ್ಬರಿಗೆ ಇದು ಇದೆ, ಬಹಳ ಜನಕ್ಕೆ ಇದೆ ಅಂತಲೇ ಗೊತ್ತಿಲ್ಲ. ಹುಡುಗನ ಮನೆಯವರಿಗೆ ಮುಚ್ಚಿಟ್ಟು ಮದುವೆ ಮಾಡುವುದು ನನಗೆ ಬೇಡ. ಮಾತು ಮುಂದೆ ಹೋದರೆ ಹುಡುಗನಿಗೆ ನಾನೇ ಹೇಳುತ್ತೇನೆ. ಅದಕ್ಕೂ ಮೊದಲು ಊರೆಲ್ಲ ಹಬ್ಬಿಸುವುದೂ ಬೇಡ. ಇದನ್ನು ಅವ್ವನಿಗೆ ನಾನು ಹೇಳಿದರೆ ಜಗಳ ಆಗುತ್ತದೆ, ನೀನು ಹೇಳಿದರೆ ಕೇಳುತ್ತಾಳೆ.

ಕೊನೆಗೆ ನಿನ್ನ ವಿಷಯ. ಪುಟ್ಟಿ ಹೊಟ್ಟೆಯಲ್ಲಿದ್ದಾಗ ನಿನಗೆ ಸಕ್ಕರೆ ಬಂದಿತ್ತು ಅಂದೆ. ಹೆರಿಗೆ ಆದ ಮೇಲೆ ಮತ್ತೆ ನೋಡಿಸಿದಳಾ ಅಂತ ಮೇಡಂ ಕೇಳಿದರು, ನಾನು ಸುಮ್ಮನಾದೆ. ಹೆರಿಗೆಯಾದ ಕೆಲವು ವಾರಕ್ಕೆ ಒಮ್ಮೆ ಗ್ಲೂಕೋಸ್ ಕುಡಿಸಿ ನೋಡಬೇಕಿತ್ತಂತೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸುತ್ತಾ ಇರಬೇಕು, ಯಾಕೆಂದರೆ ಬಸುರಿಯಲ್ಲಿ ಬಂದ ಸಕ್ಕರೆ ಹೋದರೂ ಮುಂದೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಅಪ್ಪನದೂ ಇದೆ, ನನ್ನದೂ ಇದೆ. ಅಕ್ಕ ತಂಗಿಯರಲ್ಲಿ ಪಿಸಿಒಎಸ್ ಕೂಡ ಒಟ್ಟಿಗೆ ಇರಬಹುದು, ನಿನ್ನ ಮುಟ್ಟೂ ಮೊದಲು ನಲವತ್ತು ದಿನಕ್ಕೆ ಬರುತ್ತಿತ್ತಲ್ವಾ. ಮಾಮಾನಿಗೆ ಹೇಳಿ ಈ ವಾರವೇ ಬೀದರಿನಲ್ಲಿ ಟೆಸ್ಟ್ ಮಾಡಿಸು. ಮನೆ ಕೆಲಸ, ಅತ್ತಿ, ಪುಟ್ಟಿಯ ಶಾಲೆ ಅಂತ ಮುಂದೂಡಬೇಡ, ನಿನಗೆ ಕೈ ಮುಗಿಯುತ್ತೇನೆ.

ನನ್ನನ್ನು ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ಆಗ ನೀನೂ ಬಾ, ಇಬ್ಬರೂ ಒಟ್ಟಿಗೆ ಹೋಗೋಣ. ನಿನ್ನ ಹೆರಿಗೆಯ ಹಳೆಯ ಫೈಲ್ ಬೀರುವಿನಲ್ಲಿದ್ದರೆ ತಾ. ಟೆಸ್ಟ್ ಆದ ದಿನವೇ ರಿಪೋರ್ಟ್ ಫೋಟೊ ತೆಗೆದು ನನಗೆ ಕಳಿಸು.

ನಿನ್ನ,
ಸುಜಾತಾ