ಚನ್ನಪಟ್ಟಣದ ಬುಗುರಿ: 30 ಸೆಕೆಂಡಿನ ಜಾಹೀರಾತಿಗೆ ಫ್ರೇಮ್ ಸೂಚನೆಗಳು

ಎಲ್ಲ ಫ್ರೇಮುಗಳಿಗೂ: ಅಜ್ಜನಿಗೆ ಎಪ್ಪತ್ತರ ಆಸುಪಾಸು, ನರೆತ ಗಿಡ್ಡ ಗಡ್ಡ, ಎಡಗಾಜು ಸೀಳಿದ ಕಪ್ಪು ಚೌಕಟ್ಟಿನ ಕನ್ನಡಕ, ಮಾಸಿದ ನೀಲಿ ಅಂಗಿ, ಬಿಳಿ ಪಂಚೆ. ಮೊಮ್ಮಗಳಿಗೆ ಎಂಟು ವರ್ಷ. ಕೆಂಪು ರಿಬ್ಬನ್ನಿನ ಎರಡು ಜಡೆ, ಹಸಿರು ಲಂಗ. ಹೆಂಚಿನ ಮನೆಯ ಕಾರ್ಖಾನೆಯಲ್ಲಿ ಕಿಟಕಿ ಎಡಕ್ಕೆ, ಲೇತ್ ಯಂತ್ರ ನಡುವೆ, ಬಾಗಿಲು ಬಲಕ್ಕೆ ಇರಬೇಕು.

ಫ್ರೇಮ್ 1: ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿರಲು, ಅಜ್ಜ ಬಣ್ಣವಿಲ್ಲದ ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸುತ್ತಿದ್ದಾನೆ, ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಾಳೆ.

ಫ್ರೇಮ್ 2: ಅತಿ ಸಮೀಪದ ನೋಟ. ಗಿರ್ರನೆ ತಿರುಗುವ ಬುಗುರಿಗೆ ಅಜ್ಜ ಹಳದಿ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಿದ್ದು, ಉಜ್ಜುವಿಕೆಯ ಬಿಸಿಗೆ ಕರಗಿದ ಅರಗು ಮರದ ಮೇಲೆ ತೆಳುವಾಗಿ ಹರಡುತ್ತಿದೆ. ಕುಂಚವಾಗಲಿ ಬಣ್ಣದ ಡಬ್ಬಿಯಾಗಲಿ ಎಲ್ಲೂ ಕಾಣಕೂಡದು. ಬಣ್ಣ ಬಳಿಯುವಂತೆ ತೋರಿಸಿದರೆ ಚನ್ನಪಟ್ಟಣದವರು ನಕ್ಕಾರು. ಕೈ ಅಜ್ಜನದೇ ಎಂದು ತಿಳಿಯಲು ನೀಲಿ ತೋಳು ಅಂಚಿನಲ್ಲಿರಲಿ.

ಫ್ರೇಮ್ 3: ಅದೇ ಕೋನ. ಹಳದಿಯ ನಡುವೆ ಈಗ ಒಂದೇ ಕೆಂಪು ಪಟ್ಟಿ ಇದೆ; ಅಜ್ಜ ಕೇದಿಗೆಯ ಒಣ ಎಲೆಯಿಂದ ಬುಗುರಿಗೆ ಹೊಳಪು ಕೊಡುತ್ತಿದ್ದಾನೆ. ಮೊಮ್ಮಗಳ ಕೆಂಪು ರಿಬ್ಬನ್ ಹಿನ್ನೆಲೆಯಲ್ಲಿ ಮಸುಕಾಗಿ ಕಾಣುತ್ತದೆ.

ಫ್ರೇಮ್ 4: ಬಾಗಿಲ ಹೊರಗಿನ ಜಗಲಿ, ಸಂಜೆ. ಅದೇ ಹಸಿರು ಲಂಗದ ಮೊಮ್ಮಗಳು ಒಂದೇ ಕೆಂಪು ಪಟ್ಟಿಯ ಬುಗುರಿಯನ್ನು ತಿರುಗಿಸುತ್ತಾಳೆ. ಅಜ್ಜ ಸೀಳಿದ ಕನ್ನಡಕವನ್ನು ಹಣೆಗೇರಿಸಿ ನೋಡುತ್ತಾನೆ.

ಫ್ರೇಮ್ 5: ಜಗಲಿಯ ಮೇಲೆ ತಿರುಗುತ್ತಿರುವ ಬುಗುರಿ ಮಾತ್ರ. ಮೇಲ್ಭಾಗದಲ್ಲಿ ಬರಹಕ್ಕೆ ಜಾಗ ಬಿಡಬೇಕು: “ಚನ್ನಪಟ್ಟಣದ್ದು, ಕೈಯಲ್ಲೇ ಮಾಡಿದ್ದು.”