ಟ್ಯಾಂಕ್ ತೊಳೆಯುವ ನೋಟಿಸ್ ಬಗ್ಗೆ ನನ್ನ ಅಭಿಪ್ರಾಯ

ಕಾರ್ಯದರ್ಶಿಗಳಿಗೆ ನಮಸ್ಕಾರ್ರೀ,

ಲಿಫ್ಟ್ ಹತ್ತಿರ ಅಂಟಿಸುವ ಮುಂಚೆ ನೋಡಿಕೊಡಿ ಅಂತ ನೋಟಿಸ್ ಕಳಿಸಿದಿರಿ. ಒಳ್ಳೆಯದಾಯ್ತು. ನೀವು ಬರೆದದ್ದು ಹೀಗಿದೆ:

"ಎಲ್ಲಾ ನಿವಾಸಿಗಳ ಗಮನಕ್ಕೆ. ಬರುವ ವಾರ ನೀರಿನ ಟ್ಯಾಂಕ್ ಸ್ವಚ್ಛತಾ ಕಾರ್ಯ ಹಮ್ಮಿಕೊಳ್ಳಲಾಗಿದೆ. ಸದರಿ ಅವಧಿಯಲ್ಲಿ ನೀರು ಸರಬರಾಜು ಇರುವುದಿಲ್ಲ. ನೀರು ಪೋಲು ಮಾಡಿದವರಿಗೆ ದಂಡ ವಿಧಿಸಲಾಗುವುದು. ಕಡ್ಡಾಯವಾಗಿ ಸಹಕರಿಸತಕ್ಕದ್ದು. ಆದೇಶದ ಮೇರೆಗೆ."

ಕೆಲಸ ಏನು ಅಂತ ಮೊದಲ ಸಾಲಿಗೇ ತಿಳಿಯುತ್ತದೆ. ನೋಟಿಸ್ ಚಿಕ್ಕದಾಗಿದೆ, ಅದೂ ಸರಿ. ಆದರೆ ಇದನ್ನು ಓದಿದವರು ಎಷ್ಟು ಕೊಡ ನೀರು, ಯಾವತ್ತು ತುಂಬಿಡಬೇಕು? ಅದು ಇಲ್ಲಿ ಸಿಗುವುದಿಲ್ಲ. ನೋಟಿಸ್ ಇರುವುದೇ ಅದಕ್ಕಲ್ವಾ?

ದೊಡ್ಡ ಕೊರತೆ ತಾರೀಖಿನದು. "ಬರುವ ವಾರ" ಅಂತಿದೆ, ನೋಟಿಸ್ ಬರೆದ ದಿನ ಎಲ್ಲೂ ಇಲ್ಲ. ಶನಿವಾರ ಓದಿದವರಿಗೆ ಒಂದು ವಾರ, ಸೋಮವಾರ ಊರಿಂದ ಬಂದು ಓದಿದವರಿಗೆ ಇನ್ನೊಂದು ವಾರ. ಮೇಲಿನ ಟ್ಯಾಂಕೋ, ಕೆಳಗಿನ ಸಂಪೋ, ಎರಡೂನೋ ಅಂತಲೂ ಹೇಳಿಲ್ಲ. ನೀರು ಎಷ್ಟು ಗಂಟೆಗೆ ನಿಲ್ಲುತ್ತದೆ, ಮತ್ತೆ ಯಾವಾಗ ಬರುತ್ತದೆ ಅನ್ನುವುದೂ ಬೇಕು. ಎರಡನೆಯದು ಜಾಸ್ತಿ ಮುಖ್ಯ. ಮನೆಯಲ್ಲಿ ಕೂಸು ಇದ್ದವರು, ವಯಸ್ಸಾದವರನ್ನು ನೋಡಿಕೊಳ್ಳುವವರು ಮೊದಲು ಕೇಳುವುದೇ ಅದನ್ನ.

ಇನ್ನೊಂದು ಮಾತು ನಮ್ಮ ಧಾರವಾಡದ್ದೇ. ನಮ್ಮ ಓಣಿಗೆ ಮಲಪ್ರಭಾ ನೀರು ದಿನಾ ಬರುವುದಿಲ್ಲ. ನೀರು ಬಿಡುವ ದಿನದ ಮುಂಚೆ ಸಂಪು ತೊಳೆದರೆ ಹೊಸ ನೀರು ನೇರ ಅದಕ್ಕೇ ಬಂದು ಬೀಳುತ್ತದೆ. ನೀರು ಬಂದ ಮರುದಿನ ತೊಳೆದರೆ ತುಂಬಿದ ಸಂಪನ್ನೇ ಗಟಾರಕ್ಕೆ ಬಿಡಬೇಕಾಗುತ್ತದೆ, ಆಮೇಲೆ ಟ್ಯಾಂಕರ್ ತರಿಸಬೇಕು. ಹಾಗಾಗಿ ತಾರೀಖು ಗೊತ್ತುಮಾಡುವ ಮುಂಚೆ ನೀರು ಬಿಡುವವರನ್ನು ಒಮ್ಮೆ ಕೇಳಿ. ಅವರ ದಿನ ತಪ್ಪಿದರೆ ನಾವೇನು ಮಾಡುತ್ತೇವೆ ಅಂತಲೂ ನೋಟಿಸಿನಲ್ಲೇ ಇರಲಿ.

ಮರ್ಯಾದೆಯ ವಿಷಯಕ್ಕೆ ಬರುತ್ತೇನೆ. ದಂಡ, ಕಡ್ಡಾಯ, ಆದೇಶ, ಇಷ್ಟು ಸಣ್ಣ ನೋಟಿಸಿಗೆ ಇವು ಭಾರ. ತೊಳೆಯುವ ಖರ್ಚು ಕೊಡುವವರೂ ನಾವೇ, ಆ ನೀರು ಕುಡಿಯುವವರೂ ನಾವೇ. ಯಾರೂ ತಪ್ಪು ಮಾಡುವ ಮುಂಚೆಯೇ ದಂಡದ ಮಾತೆತ್ತಿದರೆ ಓದಿದವರಿಗೆ ಬೇಜಾರಾಗುತ್ತದೆ. ತೊಂದರೆಯಾಗುತ್ತದೆ ಅಂತ ಒಂದು ಸಾಲು ಒಪ್ಪಿಕೊಂಡರೆ ಸಾಕು, ಜನ ತಾವಾಗಿಯೇ ಕೈಜೋಡಿಸುತ್ತಾರೆ. ಕೆಳಗೆ ಸಹಿ ಹಾಕಿದವರು ಯಾರು ಅಂತ ಗೊತ್ತಾಗಲಿ, ಕೇಳಲು ಒಂದು ಮನೆ ನಂಬರ್ ಇರಲಿ.

ಬಿಟ್ಟುಹೋದ ಎರಡು ಎಚ್ಚರಿಕೆಗಳಿವೆ. ನೀರಿಲ್ಲದಾಗ ನಳ ತಿರುಗಿಸಿ ಹಾಗೇ ಬಿಟ್ಟು ಹೊರಗೆ ಹೋದರೆ, ನೀರು ಬಂದಾಗ ಮನೆಯೆಲ್ಲ ನೀರು. ಗೀಸರ್‌ನಲ್ಲಿ ನೀರಿಲ್ಲದಾಗ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಇವು ಬರದೇ ಹೋದರೆ ಆಮೇಲೆ ಬಯ್ಯಿಸಿಕೊಳ್ಳುವವರು ನೀವೇ.

ಇಷ್ಟೆಲ್ಲ ಹೇಳಿ ಸುಮ್ನೆ ಕೂರುವುದು ಸರಿಯಲ್ಲ ಅಂತ ನಾನೇ ಒಂದು ಬರೆದಿದ್ದೇನೆ. ನೀವು ಫೋನಿನಲ್ಲಿ ಹೇಳಿದ ದಿನವನ್ನೇ ಹಾಕಿದ್ದೇನೆ:

"ನೀರಿನ ಟ್ಯಾಂಕ್ ತೊಳೆಯುವ ಬಗ್ಗೆ
ನವೆಂಬರ್ 10, ಸೋಮವಾರ

ಆತ್ಮೀಯರೇ,
ನವೆಂಬರ್ 16, ಭಾನುವಾರ ನಮ್ಮ ಕಟ್ಟಡದ ಸಂಪು ಮತ್ತು ಮೇಲಿನ ಟ್ಯಾಂಕ್ ಎರಡನ್ನೂ ತೊಳೆಸುತ್ತಿದ್ದೇವೆ. ಬೆಳಿಗ್ಗೆ 9 ಗಂಟೆಯಿಂದ ಸಂಜೆ 5ರವರೆಗೆ ನಳದಲ್ಲಿ ನೀರು ಇರುವುದಿಲ್ಲ. ಶನಿವಾರ ರಾತ್ರಿಯೇ ಬೇಕಾದಷ್ಟು ನೀರು ತುಂಬಿಟ್ಟುಕೊಳ್ಳಿ. ಅಂದು ನಳಗಳನ್ನು ಬಂದ್ ಮಾಡಿಡಿ, ಗೀಸರ್ ಹಾಕಬೇಡಿ.
ನೀರು ಬಂದ ಮೇಲೆ ಮೊದಲ ಒಂದೆರಡು ಬಕೆಟ್ ನೀರಿಗೆ ಬ್ಲೀಚಿಂಗ್ ವಾಸನೆ ಇರಬಹುದು. ಅದನ್ನು ಕುಡಿಯಲು, ಅಡುಗೆಗೆ ಬಳಸದೆ ಸಂಡಾಸಕ್ಕೆ ಹಾಕಿ.
ಭಾನುವಾರ ಸಂಜೆಯೊಳಗೆ ನಳದ ನೀರು ಬರದಿದ್ದರೆ ಸಂಘದಿಂದಲೇ ಟ್ಯಾಂಕರ್ ತರಿಸುತ್ತೇವೆ. ದಿನ ಬದಲಾದರೆ ಶುಕ್ರವಾರ ಸಂಜೆಯೊಳಗೆ ಇದೇ ಜಾಗದಲ್ಲಿ ತಿಳಿಸುತ್ತೇವೆ.
ರಜೆಯ ದಿನ ನಿಮಗೆ ತೊಂದರೆಯಾಗುತ್ತದೆ, ದಯವಿಟ್ಟು ಸಹಕರಿಸಿ. ನೀರು ತುಂಬಿಟ್ಟುಕೊಳ್ಳಲು ಆಗದವರು ಮನೆ ನಂಬರ್ 104ಕ್ಕೆ ಹೇಳಿ, ವಾಚ್‌ಮನ್ ಕೈಲಿ ತುಂಬಿಸಿಕೊಡುತ್ತೇವೆ.
ಕಾರ್ಯದರ್ಶಿ, ನಿವಾಸಿಗಳ ಸಂಘ"

ಟ್ಯಾಂಕರ್ ಮಾತು ನಾನೇ ಸೇರಿಸಿದ್ದು. ಖಜಾಂಚಿಯವರು ಒಪ್ಪದಿದ್ದರೆ ಆ ಸಾಲು ತೆಗೆಯಿರಿ, ಕೊಡಲಾಗದ ಭರವಸೆ ಬೇಡ. ತಾರೀಖು, ಗಂಟೆ ಇರುವ ಸಾಲನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸಿ. ಲಿಫ್ಟ್ ಹತ್ತಿರ ಒಂದು, ಗೇಟಿನ ಹತ್ತಿರ ಒಂದು ಅಂಟಿಸಿದರೆ ಆಯ್ತು. ಮನೆಗೆಲಸದವರು ಲಿಫ್ಟ್ ಬಳಸುವುದಿಲ್ಲ, ಮೆಟ್ಟಿಲು ಹತ್ತಿಯೇ ಬರುತ್ತಾರೆ. ಭಾನುವಾರ ಎಷ್ಟು ಗಂಟೆಗೆ ಬರಬೇಕು ಅಂತ ಅವರಿಗೂ ಮೊದಲೇ ತಿಳಿಯಲಿ.