ನಿಮ್ಮ ದಿನದ ಮಾತ್ರೆ ಮತ್ತು ತೊಂದರೆಗಳ ಕಾರ್ಡ್

ಸಕ್ಕರೆ ಕಾಯಿಲೆಯ ಮಾತ್ರೆಯ ಅಧ್ಯಯನ
ಭಾಗವಹಿಸುವವರ ಸಂಖ್ಯೆ: 02-017
ವಾರ: 3 ಮಾರ್ಚ್ 2025, ಸೋಮವಾರದಿಂದ 9 ಮಾರ್ಚ್, ಭಾನುವಾರದವರೆಗೆ

ದಿನಾ ರಾತ್ರಿ ಮಲಗುವ ಮುಂಚೆ ಬರೆಯಿರಿ. ವಾರದ್ದೆಲ್ಲ ಒಂದೇ ಸಲ ನೆನಪಿಸಿಕೊಂಡು ಬರೆಯಬೇಡಿ. ಬರೆಯಲು ಕಷ್ಟವಾದರೆ ಮನೆಯವರು ಬರೆಯಲಿ, ಆದರೆ ಮಾತು ನಿಮ್ಮದೇ ಇರಲಿ.

ಮಾತ್ರೆ
ಬೆಳಿಗ್ಗೆ ತಿಂಡಿ ಜೊತೆ 1, ರಾತ್ರಿ ಊಟದ ಜೊತೆ 1. ತಗೊಂಡ ಸಮಯ ಬರೆಯಿರಿ. ಮರೆತಿದ್ದು ಊಟವಾಗಿ 2 ಗಂಟೆಯೊಳಗೆ ನೆನಪಾದರೆ ತಗೊಳ್ಳಿ. ಅದಕ್ಕಿಂತ ತಡವಾದರೆ ಬಿಟ್ಟುಬಿಡಿ. ಎರಡು ಮಾತ್ರೆ ಒಟ್ಟಿಗೆ ಬೇಡವೇ ಬೇಡ. ನುಂಗಿದ ಮೇಲೆ ವಾಂತಿಯಾದರೆ ಇನ್ನೊಂದು ತಗೊಳ್ಳಬೇಡಿ, ವಾಂತಿಯಾಯಿತು ಅಂತ ಬರೆಯಿರಿ. ಮರೆತಿದ್ದಕ್ಕೆ ಯಾರೂ ಬೈಯುವುದಿಲ್ಲ. ತಗೊಂಡೆ ಅಂತ ಸುಮ್ನೆ ಬರೆದರೆ ಮಾತ್ರ ಲೆಕ್ಕ ತಪ್ಪುತ್ತದೆ. ಖಾಲಿ ಸ್ಟ್ರಿಪ್ ಎಸೆಯಬೇಡಿ, ಮುಂದಿನ ಸಲ ಬರುವಾಗ ತನ್ನಿ.

ತೊಂದರೆ
ವಾಕರಿಕೆ, ವಾಂತಿ, ಭೇದಿ, ಹೊಟ್ಟೆನೋವು, ತಲೆನೋವು, ತಲೆಸುತ್ತು, ಸುಸ್ತು, ಇನ್ನೇನಾದರೂ. ಎದ್ದಾಗ ಕಣ್ಣು ಕತ್ತಲೆ ಬಂದರೆ, ಮನೆ ತಿರುಗಿದ ಹಾಗಾದರೆ ತಲೆಸುತ್ತು. ಮೈಯಲ್ಲಿ ಶಕ್ತಿಯೇ ಇಲ್ಲ ಅನಿಸಿದರೆ ಸುಸ್ತು. ಎರಡನ್ನೂ ಬೇರೆ ಬೇರೆ ಬರೆಯಿರಿ. ತೊಂದರೆ ಇಲ್ಲದ ದಿನ ‘ಇಲ್ಲ’ ಅಂತ ಬರೆಯಿರಿ. ಖಾಲಿ ಬಿಟ್ಟರೆ ತೊಂದರೆ ಇರಲಿಲ್ಲವೋ, ನೀವು ಬರೆಯಲಿಲ್ಲವೋ ನಮಗೆ ಗೊತ್ತಾಗುವುದಿಲ್ಲ.

ಎಷ್ಟು?
ಸ್ವಲ್ಪ: ತೊಂದರೆ ಇದೆ, ಆದರೆ ದಿನದ ಕೆಲಸ ನಡೆಯುತ್ತದೆ.
ಮಧ್ಯಮ: ಕೆಲಸದ ಮಧ್ಯೆ ಕೂರಬೇಕಾಯಿತು.
ಜಾಸ್ತಿ: ಕೆಲಸ ಮಾಡಲು ಆಗಲೇ ಇಲ್ಲ.

ಬೇರೆ ಮದ್ದು
ಅಂಗಡಿಯ ನೋವಿನ ಮಾತ್ರೆ, ಮನೆಯ ಕಷಾಯ, ನಾಟಿ ಮದ್ದು, ಮೆಂತ್ಯದ ನೀರು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ವೈಟ್ನರ್ ಬೇಡ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಖು ಹಾಕಿ ಸಹಿ ಮಾಡಿ.

ಬರೆಯುವುದು ಹೀಗೆ
ಸೋಮವಾರ. ಬೆಳಿಗ್ಗೆ 8:15, ರಾತ್ರಿ 9:00. ತೊಂದರೆ: ಇಲ್ಲ. ಬೇರೆ ಮದ್ದು: ಇಲ್ಲ.
ಮಂಗಳವಾರ. ಬೆಳಿಗ್ಗೆ 8:30. ರಾತ್ರಿ ತಗೊಂಡಿಲ್ಲ, ಮದುವೆ ಊಟಕ್ಕೆ ಹೋಗಿದ್ದೆ, ಮಾತ್ರೆ ಮನೆಯಲ್ಲೇ ಉಳಿಯಿತು. ತೊಂದರೆ: ಭೇದಿ, ಮಧ್ಯಾಹ್ನ 12ರಿಂದ ಸಂಜೆ 5ರವರೆಗೆ 3 ಸಲ, ಮಧ್ಯಮ. ಬೇರೆ ಮದ್ದು: ಒಆರ್‌ಎಸ್ 1 ಪ್ಯಾಕೆಟ್.

ಬರೆಯುತ್ತಾ ಕೂರಬೇಡಿ
ಕೈ ನಡುಕ, ತಣ್ಣನೆ ಬೆವರು, ವಿಪರೀತ ಹಸಿವು ಬಂದರೆ ಸಕ್ಕರೆ ತುಂಬಾ ಇಳಿದಿರಬಹುದು. ಮೀಟರ್ ಇದ್ದರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೆ, 3 ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಇನ್ನೊಂದು ಸಲ ಕುಡಿಯಿರಿ. ಸುಧಾರಿಸಿದ ಮೇಲೆ ಅಧ್ಯಯನದ ಸಿಸ್ಟರ್‌ಗೆ ಫೋನ್ ಮಾಡಿ. ಪ್ರಜ್ಞೆ ತಪ್ಪಿದರೆ ಮನೆಯವರು ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಲಿ. ಕಾರ್ಡ್ ಆಮೇಲೆ ತುಂಬಬಹುದು.